ಮೂಲವ್ಯಾಧಿಯೊಡನೆ ಕಾಡುವ ತುರಿಕೆ: ತೇವವೇ ಕಾರಣ, ಒಣಗಿಸುವುದೇ ಆರೈಕೆ

ಮೂಲವ್ಯಾಧಿಯ ನೋವು, ರಕ್ತಸ್ರಾವಗಳನ್ನು ವೈದ್ಯರಿಗೆ ಹೇಳಿಕೊಳ್ಳುವವರು ಕೂಡ ಗುದದ್ವಾರದ ತುರಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿಯ ನಿದ್ದೆ ಕೆಡಿಸುವ ಈ ಉಪದ್ರವಕ್ಕೆ ಬಹುತೇಕ ಸಂದರ್ಭಗಳಲ್ಲಿ ಸರಳ ಕಾರಣವಿದೆ. ಅದನ್ನು ತಿಳಿದರೆ ಮನೆಯಲ್ಲಿಯೇ ಶಮನವೂ ಸಾಧ್ಯ.

ಗುದದ್ವಾರದ ಒಳಗಿರುವ ಮೃದುವಾದ ರಕ್ತನಾಳಗಳ ಮೆತ್ತೆಗಳು ಊದಿ ಕೆಳಗೆ ಜಾರಿದಾಗ ಅದನ್ನು ಮೂಲವ್ಯಾಧಿ ಎನ್ನುತ್ತೇವೆ. ಆರೋಗ್ಯವಂತರಲ್ಲಿ ಈ ಮೆತ್ತೆಗಳು ದ್ವಾರವನ್ನು ಬಿಗಿಯಾಗಿ ಮುಚ್ಚಲು ನೆರವಾಗುತ್ತವೆ. ಅವು ಹೊರಗೆ ಜಾರಿದರೆ ಆ ಬಿಗಿ ಸಡಿಲಗೊಂಡು, ಒಳಗಿನ ಲೋಳೆ ಮತ್ತು ಕೆಲವೊಮ್ಮೆ ಅಲ್ಪಸ್ವಲ್ಪ ಮಲವೂ ಹೊರಗೆ ಜಿನುಗುತ್ತದೆ. ಹೊರಗೆ ಚರ್ಮದ ಗಂಟುಗಳಿದ್ದರೆ ಅವುಗಳ ಮಡಿಕೆಯಲ್ಲಿ ಈ ಕೊಳೆ ನಿಲ್ಲುತ್ತದೆ. ಸದಾ ಒದ್ದೆಯಾಗಿರುವ ಚರ್ಮ ಮೆತ್ತಗಾಗಿ ತುರಿಸುತ್ತದೆ. ಕೆರೆದರೆ ಗೀರು ಬೀಳುತ್ತದೆ. ಗೀರಿಗೆ ಮಲ ತಾಗಿ ತುರಿಕೆ ಇನ್ನಷ್ಟು ಹೆಚ್ಚುತ್ತದೆ. ಈ ಚಕ್ರವನ್ನು ಮುರಿಯುವುದೇ ಆರೈಕೆಯ ಗುರಿ.

ರಾಯದುರ್ಗದ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ದಿನವಿಡೀ ಯಂತ್ರದ ಮುಂದೆ ಕೂರುವ ಒಬ್ಬರನ್ನು ಊಹಿಸಿಕೊಳ್ಳೋಣ. ದಪ್ಪ ಬಟ್ಟೆ, ಬೇಸಿಗೆಯ ಬೆವರು, ಕದಲದೆ ಕೂರುವ ಕೆಲಸ, ಜೊತೆಗೆ ಮಲಬದ್ಧತೆ. ತುರಿಕೆ ಬಂದೊಡನೆ ಅವರು ಕೊಳೆಯೇ ಕಾರಣವೆಂದು ಭಾವಿಸಿ ದಿನಕ್ಕೆ ನಾಲ್ಕಾರು ಬಾರಿ ಸಾಬೂನಿನಿಂದ ಉಜ್ಜಿ ತೊಳೆಯುತ್ತಾರೆ, ನಂಜುನಿವಾರಕ ದ್ರವವನ್ನೂ ಬಳಸುತ್ತಾರೆ. ಇದು ಚರ್ಮದ ರಕ್ಷಣಾ ಪದರವನ್ನು ಕಳೆದು ತುರಿಕೆಯನ್ನು ಹೆಚ್ಚಿಸುತ್ತದೆ. ಅಂಗಡಿಯಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಮರಗಟ್ಟಿಸುವ ಔಷಧಿಯುಳ್ಳ ಕೆಲವು ಮುಲಾಮುಗಳು ತಾವೇ ಅಲರ್ಜಿ ತರಬಲ್ಲವು.

ಇಂಥವರು ಮೊದಲು ಸೋರಿಕೆ ಇದೆಯೇ ಎಂದು ನೋಡಿಕೊಳ್ಳಬೇಕು. ಬೆಳಿಗ್ಗೆ ತೊಳೆದು ಒಣಗಿಸಿದ ಬಳಿಕ ಸಣ್ಣದೊಂದು ಹತ್ತಿಯ ತುಂಡನ್ನು ಮಡಿಕೆಯ ನಡುವೆ ಹೊರಗಡೆಯೇ ಇಟ್ಟುಕೊಂಡು, ಮಧ್ಯಾಹ್ನ ತೆಗೆದು ನೋಡಬಹುದು. ಲೋಳೆ ಅಥವಾ ಕಂದು ಕಲೆ ಕಂಡರೆ ಸೋರಿಕೆಯಿದೆ ಎಂದರ್ಥ. ಇದೇ ಹತ್ತಿ ತೇವವನ್ನೂ ಹೀರುತ್ತದೆ, ಒದ್ದೆಯಾದಾಗಲೆಲ್ಲ ಬದಲಿಸಬೇಕು.

ಮಲವಿಸರ್ಜನೆಯ ನಂತರ ಬರಿಯ ನೀರಿನಿಂದ ಮೃದುವಾಗಿ ತೊಳೆದು, ಮೆತ್ತನೆಯ ಹತ್ತಿಬಟ್ಟೆಯಿಂದ ಉಜ್ಜದೆ ಒತ್ತಿ ಒರೆಸಬೇಕು. ಅಗಲವಾದ ಪಾತ್ರೆ ಅಥವಾ ಬೇಸಿನ್‌ನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ದಿನಕ್ಕೆರಡು ಬಾರಿ 10ರಿಂದ 15 ನಿಮಿಷ ಕೂತರೆ ಹಿತವಾಗುತ್ತದೆ. ನೀರಿಗೆ ಏನನ್ನೂ ಬೆರೆಸಬೇಕಿಲ್ಲ. ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಹಚ್ಚಿದರೆ ಅದು ತೇವಕ್ಕೂ ಚರ್ಮಕ್ಕೂ ನಡುವೆ ಗೋಡೆಯಾಗುತ್ತದೆ. ಸಡಿಲವಾದ ಹತ್ತಿಯ ಒಳಉಡುಪು ಧರಿಸಿ, ಉಗುರನ್ನು ಚಿಕ್ಕದಾಗಿ ಕತ್ತರಿಸಿಕೊಳ್ಳಬೇಕು. ರಾಗಿ, ಸೊಪ್ಪು, ಕಾಳುಗಳ ಜೊತೆಗೆ ಸಾಕಷ್ಟು ನೀರು ಕುಡಿದು ಮಲ ಗಟ್ಟಿಯಾಗದಂತೆ ನೋಡಿಕೊಂಡರೆ ತಿಣುಕುವುದು ತಪ್ಪುತ್ತದೆ. ಮಲ ತೀರಾ ತೆಳುವಾದರೂ ಸೋರಿಕೆ ಹೆಚ್ಚುವುದರಿಂದ ಭೇದಿ ಔಷಧಿಗಳನ್ನು ತಾವಾಗಿ ನುಂಗಬಾರದು. ಖಾರ, ಕಾಫಿ, ಚಹಾಗಳನ್ನು ಎರಡು ವಾರ ಕಡಿಮೆ ಮಾಡಿ ವ್ಯತ್ಯಾಸ ಗಮನಿಸಬಹುದು.

ಶಾಲಾ ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಕಾರಣವನ್ನೂ ನೆನಪಿಡಬೇಕು. ತುರಿಕೆ ರಾತ್ರಿಯೇ ಹೆಚ್ಚಾಗಿದ್ದು ಮಕ್ಕಳಿಗೂ ಇದ್ದರೆ ಅದು ದಾರದಂಥ ಬಿಳಿ ಹುಳುಗಳ ಕೆಲಸವಿರಬಹುದು. ಶಾಲೆಯಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಅಲ್ಬೆಂಡಜೋಲ್ ಇದಕ್ಕೂ ನಾಟುತ್ತದೆ. ಆದರೆ ಈ ಹುಳುವಿನ ಮೊಟ್ಟೆಗಳು ಉಳಿಯುವುದರಿಂದ ಸಾಮಾನ್ಯವಾಗಿ ಎರಡು ವಾರಗಳ ಬಳಿಕ ಇನ್ನೊಂದು ಮಾತ್ರೆ ಬೇಕಾಗುತ್ತದೆ. ಮನೆಯವರೆಲ್ಲರೂ ಒಟ್ಟಿಗೇ ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬೇಕು.

ಎರಡು ಮೂರು ವಾರಗಳ ಆರೈಕೆಯಿಂದಲೂ ಶಮನವಾಗದಿದ್ದರೆ, ಸೋರಿಕೆ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಒಳಗಿನ ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕುವ ಚಿಕಿತ್ಸೆಯಿಂದ ಸೋರಿಕೆಯೇ ಕಡಿಮೆಯಾಗಬಹುದು. ರಕ್ತಸ್ರಾವ, ತೂಕ ಇಳಿಕೆ, ಮಲವಿಸರ್ಜನೆಯ ಅಭ್ಯಾಸದಲ್ಲಿ ಬದಲಾವಣೆ, ಹೊಸ ಗಂಟು ಅಥವಾ ಮಾಯದ ಹುಣ್ಣು ಇದ್ದರೆ ಕಾಯಲೇಬಾರದು. ಎಲ್ಲವನ್ನೂ ಮೂಲವ್ಯಾಧಿಯೆಂದು ತಳ್ಳಿಹಾಕಿದಾಗಲೇ ಕರುಳಿನ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದುಂಟು. ಸಕ್ಕರೆ ಕಾಯಿಲೆಯವರು ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಲಿ.

ರಾಯದುರ್ಗ, ಮಡಕಶಿರಗಳ ಆಸ್ಪತ್ರೆಗಳಲ್ಲಿ ತೆಲುಗು ವೈದ್ಯರ ಮುಂದೆ ಹಿರಿಯರು ಈ ವಿಷಯಕ್ಕೆ ಪದ ಸಿಗದೆ ಸುಮ್ಮನಾಗುವುದುಂಟು. ಮೂಲವ್ಯಾಧಿಗೆ ತೆಲುಗಿನಲ್ಲಿ ‘ಮೊಲಲು’, ತುರಿಕೆಗೆ ‘ದುರದ’, ತೇವಕ್ಕೆ ‘ತಡಿ’ ಎನ್ನುತ್ತಾರೆ. ಈ ಮೂರು ಪದಗಳನ್ನೂ, ತುರಿಕೆ ಎಷ್ಟು ದಿನಗಳಿಂದಿದೆ, ಯಾವ ಮುಲಾಮು ಹಚ್ಚಿದ್ದಾರೆ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು.