ಕಂಪನಿಯ ಬೀಟಾವನ್ನೇ ಪ್ರಾಜೆಕ್ಟಿಗೂ ಹಾಕಬಹುದಾ? ಸಾಲದ ಪ್ರಮಾಣ ಬದಲಾದಾಗ ಮಾಡಬೇಕಾದ ಲೆಕ್ಕ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಬೋರ್ಡಿನ ಮೇಲೆ ಬರೆದ ಅಂಕಿಗಳನ್ನು ಇಲ್ಲಿ ನಿಧಾನವಾಗಿ ನೋಡಬಹುದು. ಪಕ್ಕದಲ್ಲಿ ಒಂದು ಎಕ್ಸೆಲ್ ಶೀಟ್ ತೆರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳೋಣ. ಪುಣೆಯಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಕಂಪನಿ ಇದೆ, ಷೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿದೆ. ಅದರ ಬಂಡವಾಳದಲ್ಲಿ 20% ಸಾಲ, 80% ಈಕ್ವಿಟಿ. ಷೇರಿನ ಬೀಟಾ 1.10. ಈಗ ನಾಸಿಕ್ ಹತ್ತಿರ ದ್ರಾಕ್ಷಿ ಇಡುವ ಹೊಸ ಕೋಲ್ಡ್ ಸ್ಟೋರೇಜ್ ಕಟ್ಟಬೇಕು ಅಂತಿದೆ. ಖರ್ಚು 100 ಕೋಟಿ. ಇದಕ್ಕೆ ಮಾತ್ರ ಬ್ಯಾಂಕು 60% ಸಾಲ ಕೊಡಲು ಒಪ್ಪಿದೆ. ತೆರಿಗೆ ಕಳೆದು ವರ್ಷಕ್ಕೆ 16.5 ಕೋಟಿಯಂತೆ 10 ವರ್ಷ ಕೈಗೆ ಬರುತ್ತದೆ. ಸಾಲದ ಬಡ್ಡಿ ಈ 16.5 ಕೋಟಿಯಲ್ಲಿ ಕಳೆದಿಲ್ಲ, ಅದು ಡಿಸ್ಕೌಂಟ್ ದರದೊಳಗೆ ಬರುತ್ತದೆ.

ಪ್ರಶ್ನೆ ಏನಪ್ಪಾ ಅಂದ್ರೆ, ಈ ಪ್ರಾಜೆಕ್ಟಿಗೂ 1.10 ಬೀಟಾವನ್ನೇ ಹಾಕಬಹುದಾ?

ಸಾಲ ಹೆಚ್ಚಾದರೆ ಬೀಟಾ ಯಾಕೆ ಏರುತ್ತದೆ?

ಬೀಟಾ ಅಂದರೆ ಮಾರುಕಟ್ಟೆ ಏರಿಳಿದಾಗ ಆ ಷೇರು ಎಷ್ಟು ಏರಿಳಿಯುತ್ತದೆ ಅನ್ನುವ ಅಳತೆ. ಅದರಲ್ಲಿ ಎರಡು ಅಪಾಯ ಬೆರೆತಿವೆ. ಒಂದು ವ್ಯಾಪಾರದ್ದು, ಇನ್ನೊಂದು ಸಾಲದ್ದು.

100 ಕೋಟಿಯ ಆಸ್ತಿ ವರ್ಷಕ್ಕೆ 12 ಕೋಟಿ ದುಡಿಯುತ್ತದೆ ಅಂದ್ಕೊಳ್ಳಿ. ತೆರಿಗೆಯನ್ನು ಸದ್ಯಕ್ಕೆ ಬಿಡೋಣ. 20 ಕೋಟಿ ಸಾಲಕ್ಕೆ 8% ಬಡ್ಡಿ ಅಂದರೆ 1.6 ಕೋಟಿ. ಮಾಲೀಕರಿಗೆ ಉಳಿಯುವುದು 10.4 ಕೋಟಿ. ಒಂದು ಕೆಟ್ಟ ವರ್ಷ ದುಡಿಮೆ 9 ಕೋಟಿಗೆ ಇಳಿದರೆ ಅವರ ಪಾಲು 7.4 ಕೋಟಿ, ಅಂದರೆ ಸುಮಾರು 29% ಇಳಿಕೆ. ಅದೇ ಆಸ್ತಿಗೆ 60 ಕೋಟಿ ಸಾಲ, 10% ಬಡ್ಡಿ ಇದ್ದರೆ? ಬಡ್ಡಿಯೇ 6 ಕೋಟಿ. ಮಾಲೀಕರ ಪಾಲು 6 ಕೋಟಿಯಿಂದ 3 ಕೋಟಿಗೆ, ಸರಿಯಾಗಿ ಅರ್ಧಕ್ಕೆ ಬೀಳುತ್ತದೆ. ಎರಡೂ ಕಡೆ ವ್ಯಾಪಾರ ಬಿದ್ದದ್ದು 25% ಮಾತ್ರ. ಬ್ಯಾಂಕಿನ ಬಡ್ಡಿ ಕದಲುವುದಿಲ್ಲ, ಏಟು ಪೂರ್ತಿ ಮಾಲೀಕರ ಮೇಲೆ ಬೀಳುತ್ತದೆ.

ಹಾಗಾಗಿ ಕಂಪನಿಯ ಬೀಟಾದಿಂದ ಅದರ ಸಾಲದ ಪಾಲನ್ನು ಮೊದಲು ತೆಗೀಬೇಕು. ಇದೇ ಅನ್‌ಲಿವರ್ ಮಾಡುವುದು. ಆಮೇಲೆ ಪ್ರಾಜೆಕ್ಟಿನ ಸಾಲದ ಪಾಲನ್ನು ಸೇರಿಸಬೇಕು. ಇದು ರಿಲಿವರ್.

ಲೆಕ್ಕ

ರಾಬರ್ಟ್ ಹಮಾಡಾ 1972ರಲ್ಲಿ ಪ್ರಕಟಿಸಿದ ಕೆಲಸದಿಂದ ಬಂದ ಸೂತ್ರ ಇದು:

```
βu = βe / [1 + (1 − t) × D/E]
βe = βu × [1 + (1 − t) × D/E]
```

βe ಅಂದರೆ ಈಕ್ವಿಟಿ ಬೀಟಾ, βu ಸಾಲ ತೆಗೆದ ಬೀಟಾ, t ತೆರಿಗೆ ದರ, D/E ಸಾಲವನ್ನು ಈಕ್ವಿಟಿಯಿಂದ ಭಾಗಿಸಿದ್ದು. ನಮ್ಮಲ್ಲಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡ ಕಂಪನಿಗೆ ಸರ್‌ಚಾರ್ಜ್, ಸೆಸ್ ಸೇರಿ 25.168% ಬೀಳುತ್ತದೆ. ನಾವು 25% ಅಂತ ಇಟ್ಟುಕೊಳ್ಳೋಣ.

ಕಂಪನಿಯ D/E ಅಂದರೆ 20/80, ಅಂದರೆ 0.25. ಇದನ್ನು ಮಾರುಕಟ್ಟೆ ಬೆಲೆಯಲ್ಲಿ ತಗೊಳ್ಳಬೇಕು, ಬ್ಯಾಲೆನ್ಸ್ ಶೀಟಿನ ಪುಸ್ತಕ ಬೆಲೆಯಲ್ಲಲ್ಲ. ಬೀಟಾ ಬಂದದ್ದೇ ಷೇರಿನ ಮಾರುಕಟ್ಟೆ ಬೆಲೆಯಿಂದ ಅಲ್ವಾ?

```
βu = 1.10 / (1 + 0.75 × 0.25) = 0.926
βe = 0.926 × (1 + 0.75 × 1.5) = 1.97
```

ಎರಡನೇ ಸಾಲಿನ 1.5 ಪ್ರಾಜೆಕ್ಟಿನ D/E, ಅಂದರೆ 60/40. 1.10 ಇದ್ದ ಬೀಟಾ ಹೆಚ್ಚುಕಡಿಮೆ 2 ಆಯಿತು ನೋಡಿ. ಅಪಾಯವಿಲ್ಲದ ದರ 7%, ಮಾರುಕಟ್ಟೆಯ ಹೆಚ್ಚುವರಿ ಪ್ರತಿಫಲ 6% ಅಂತ ಇಟ್ಟರೆ, ಈಕ್ವಿಟಿಯ ಖರ್ಚು 7 + 1.97 × 6, ಅಂದರೆ ಸುಮಾರು 18.8%. ಕಂಪನಿಗೆ ಇದು 13.6% ಇತ್ತು.

ಈಗ ಸಾಲ ಮತ್ತು ಈಕ್ವಿಟಿ ಎರಡನ್ನೂ ಸೇರಿಸಿದ ಸರಾಸರಿ ಖರ್ಚು, ಅಂದರೆ ವ್ಯಾಕ್. 40% ಈಕ್ವಿಟಿಗೆ 18.8%, 60% ಸಾಲಕ್ಕೆ ತೆರಿಗೆ ಕಳೆದು 7.5%. ಒಟ್ಟು 12.0%. ಈ ದರದಲ್ಲಿ 10 ವರ್ಷದ 16.5 ಕೋಟಿಗಳ ಇಂದಿನ ಬೆಲೆ ಸುಮಾರು 93.2 ಕೋಟಿ. ಹಾಕುವುದು 100. ಅಂದರೆ 6.8 ಕೋಟಿ ನಷ್ಟ.

ಬೀಟಾ ಬದಲಿಸದೆ ಸಾಲದ ಪ್ರಮಾಣ ಮಾತ್ರ ಬದಲಿಸಿದರೆ ಏನಾಗುತ್ತೆ? 40%ಗೆ 13.6%, 60%ಗೆ 7.5%, ವ್ಯಾಕ್ 9.94%. ಇಂದಿನ ಬೆಲೆ 101.6 ಕೋಟಿ. ಅದೇ ಪ್ರಾಜೆಕ್ಟ್ ಈಗ 1.6 ಕೋಟಿ ಲಾಭ ತೋರಿಸುತ್ತದೆ! ಅಗ್ಗದ ಸಾಲವನ್ನು ಲೆಕ್ಕಕ್ಕೆ ತಗೊಂಡು, ಆ ಸಾಲ ಮಾಲೀಕರ ಮೇಲೆ ಹೇರಿದ ಅಪಾಯವನ್ನು ಬಿಟ್ಟಿದ್ದರಿಂದ ಬಂದ ಲಾಭ ಇದು.

ತಪ್ಪಿದೆ ಅಂತ ಗೊತ್ತಾಗೋದು ಹೇಗೆ?

ಇದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಸಾಲವೇ ಇಲ್ಲದಿದ್ದರೆ ಈ ವ್ಯಾಪಾರದ ಖರ್ಚು 7 + 0.926 × 6, ಅಂದರೆ 12.56%. ಸಾಲ ಬಂದಾಗ ಒಟ್ಟು ಅಪಾಯ ಕರಗುವುದಿಲ್ಲ, ಬ್ಯಾಂಕು ಮತ್ತು ಮಾಲೀಕರ ನಡುವೆ ಹಂಚಿಹೋಗುತ್ತದೆ ಅಷ್ಟೇ. ನಿಜವಾಗಿ ಉಳಿಯುವುದು ಬಡ್ಡಿಯ ಮೇಲಿನ ತೆರಿಗೆ ಮಾತ್ರ. ಹಮಾಡಾ ಸೂತ್ರದ ಹಿಂದಿರುವ ಮೋದಿಗ್ಲಿಯಾನಿ ಮತ್ತು ಮಿಲ್ಲರ್ ಲೆಕ್ಕದ ಪ್ರಕಾರ ಆ ಉಳಿತಾಯ ವ್ಯಾಕನ್ನು ಇಲ್ಲಿಯವರೆಗೆ ಇಳಿಸಬಹುದು:

```
12.56% × (1 − 0.25 × 0.60) = 10.67%
```

ಅಂದರೆ ನಮ್ಮ ಉತ್ತರ 10.67% ಮತ್ತು 12.56%ರ ನಡುವೆ ಇರಬೇಕು. 9.94% ನೆಲಕ್ಕಿಂತ ಕೆಳಗಿದೆ. ಬೇರೆ ಏನೂ ನೋಡದೆಯೇ ಆ ಶೀಟನ್ನು ವಾಪಸ್ ಕಳಿಸಬಹುದು.

ಹಾಗಾದರೆ 12.0% ಪೂರ್ತಿ ಸರಿಯಾ?

ಇಲ್ಲ, ಅದು ಸ್ವಲ್ಪ ಜಾಸ್ತಿಯಾಯಿತು. ಮೇಲಿನ ಸೂತ್ರ ಸಾಲದ ಬೀಟಾ ಸೊನ್ನೆ ಅಂತ ಹಿಡಿಯುತ್ತದೆ, ಅಂದರೆ ಬ್ಯಾಂಕಿಗೆ ಯಾವ ಅಪಾಯವೂ ಇಲ್ಲ. ಆದರೆ ನಾವು ಬ್ಯಾಂಕಿಗೆ 7% ಅಲ್ಲ, 10% ಕೊಡುತ್ತಿದ್ದೇವೆ. ಬ್ಯಾಂಕು ಹೊತ್ತ ಅಪಾಯಕ್ಕೆ ಒಮ್ಮೆ ದುಡ್ಡು ಕೊಟ್ಟು, ಅದೇ ಅಪಾಯವನ್ನು ಮಾಲೀಕರ ತಲೆಗೂ ಕಟ್ಟಿದಂತಾಯಿತು. 20% ಸಾಲ ಇರುವ ಕಂಪನಿಯಲ್ಲಿ ಇದು ಲೆಕ್ಕಕ್ಕೆ ಬರುವಷ್ಟಿಲ್ಲ. 60%ರಲ್ಲಿ ಬಿಡೋ ಹಾಗಿಲ್ಲ. ಆಗ ಹೀಗೆ ಬರೆಯಬೇಕು:

```
βe = βu + (βu − βd) × (1 − t) × D/E
```

ಸಾಲದ ಬೀಟಾ βd ಅನ್ನು 0.3 ಅಂತ ಹಾಕಿದರೆ ಈಕ್ವಿಟಿ ಬೀಟಾ 1.63, ವ್ಯಾಕ್ 11.2%, ಇಂದಿನ ಬೆಲೆ 96.3 ಕೋಟಿ. ನಷ್ಟ 3.7 ಕೋಟಿಗೆ ಇಳಿಯಿತು, ಆದರೆ ನಷ್ಟವೇ. ನೆಲದ ದರ 10.67% ಹಾಕಿದರೂ ಸಿಗುವುದು 98.5 ಕೋಟಿ. ಹೀಗೆ ಎರಡೂ ತುದಿಗಳಲ್ಲಿ ಒಂದೇ ತೀರ್ಪು ಬಂದರೆ ಧೈರ್ಯವಾಗಿ ಬೇಡ ಅನ್ನಬಹುದು.

ಈ ಲೆಕ್ಕ ಎಲ್ಲಿ ನಡೆಯಲ್ಲ?

ಪ್ರಾಜೆಕ್ಟಿನ ವ್ಯಾಪಾರ ಕಂಪನಿಯದ್ದೇ ಆಗಿರಬೇಕು. ಅದೇ ಕಂಪನಿ ಹೋಟೆಲ್ ಕಟ್ಟಲು ಹೊರಟರೆ 0.926 ಕೆಲಸಕ್ಕೆ ಬಾರದು. ಲಿಸ್ಟ್ ಆದ ಹೋಟೆಲ್ ಕಂಪನಿಗಳ ಬೀಟಾಗಳನ್ನು ಒಂದೊಂದಾಗಿ ಅನ್‌ಲಿವರ್ ಮಾಡಿ ಸರಾಸರಿ ತಗೊಳ್ಳಬೇಕು.

ಎರಡನೆಯದು, 60% ಸಾಲ ಯಾರ ಬಲದ ಮೇಲೆ ಸಿಕ್ಕಿದೆ ಅಂತ ಕೇಳಿ. ಪುಣೆಯ ಕಂಪನಿ ಗ್ಯಾರಂಟಿ ಕೊಟ್ಟಿದ್ದರೆ ಆ ಸಾಲ ಪ್ರಾಜೆಕ್ಟಿನದ್ದಲ್ಲ, ಕಂಪನಿಯ ಸಾಲದ ಶಕ್ತಿಯನ್ನೇ ಬಳಸಿದ್ದು. ಆಗ 60% ಅನ್ನುವುದು ಕಾಗದದ ಮೇಲಿನ ಅಂಕಿ ಮಾತ್ರ.

ಮೂರನೆಯದು, ಒಂದೇ ವ್ಯಾಕ್ ಹಾಕಿದಾಗ ಹತ್ತೂ ವರ್ಷ ಸಾಲದ ಪ್ರಮಾಣ 60% ಇರುತ್ತದೆ ಅಂತ ಒಪ್ಪಿಕೊಂಡ ಹಾಗೆ. ಬ್ಯಾಂಕು ಏಳೇ ವರ್ಷದಲ್ಲಿ ಅಸಲು ತೀರಿಸಿಕೊಂಡರೆ ಪ್ರಮಾಣ ಇಳಿಯುತ್ತಾ ಹೋಗುತ್ತದೆ, ಬೀಟಾ ಕೂಡ. ಅಂಥ ಕಡೆ ಪ್ರಾಜೆಕ್ಟನ್ನು ಮೊದಲು 12.56%ರಲ್ಲಿ, ಸಾಲವೇ ಇಲ್ಲ ಅನ್ನುವಂತೆ ಬೆಲೆ ಕಟ್ಟಿ, ತೆರಿಗೆ ಉಳಿತಾಯವನ್ನು ವರ್ಷವರ್ಷಕ್ಕೆ ಲೆಕ್ಕ ಹಾಕಿ ಕೂಡಿಸುವುದು ಮೇಲು. ಇದಕ್ಕೆ ಎಪಿವಿ ಅಂತಾರೆ. ಮುಂದಿನ ವಿಡಿಯೋದಲ್ಲಿ ಇದೇ ನಾಸಿಕ್ ಪ್ರಾಜೆಕ್ಟನ್ನು ಆ ದಾರಿಯಲ್ಲಿ ಮಾಡಿ ನೋಡೋಣ. ಈ ಶೀಟನ್ನು ಸೇವ್ ಮಾಡಿಟ್ಟುಕೊಳ್ಳಿ.