ಥ್ಯಾಂಕ್ಸ್ ಹೇಳಲು ಎಷ್ಟು ಇಮೋಜಿ ಬೇಕು?

ತಿಂಗಳ ಕೊನೆ. ಲೆಕ್ಕ ತಾಳೆಯಾಗುತ್ತಿಲ್ಲ. ಅಕೌಂಟ್ಸ್ ವಿಭಾಗದ ಮೇಡಂ ಸಂಜೆ ಉಳಿದುಕೊಂಡು ಹುಡುಕಿದಾಗ, ಒಂದೇ ಬಿಲ್ ಎರಡು ಸಲ ದಾಖಲಾಗಿರುವುದು ಸಿಕ್ಕಿತು ಎಂದುಕೊಳ್ಳಿ. ಮರುದಿನ ಹೊಸದಾಗಿ ಸೇರಿದ ಹುಡುಗ ಆಫೀಸಿನ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಬರೆಯುತ್ತಾನೆ: "ಥ್ಯಾಂಕ್ ಯೂ ಸೋ ಮಚ್ ಮೇಡಂ!!!! 🙏🙏🙏🎉😊"

ಇದರಲ್ಲಿ ಪ್ರೀತಿಯಿದೆ, ಅನುಮಾನವಿಲ್ಲ. ಆದರೆ ಚಿಹ್ನೆಗಳನ್ನೆಲ್ಲ ಅಳಿಸಿ ಓದಿ. ಉಳಿಯುವುದು ಯಾರಿಗಾದರೂ, ಯಾವುದಕ್ಕಾದರೂ ಕಳಿಸಬಹುದಾದ ಒಂದು ಸಾಲು. ಮೇಡಂ ಏನು ಮಾಡಿದರು ಎಂಬುದೇ ಅದರಲ್ಲಿ ಇಲ್ಲ. ನಾಲ್ಕು ಆಶ್ಚರ್ಯಸೂಚಕಗಳು ಆ ಜಾಗವನ್ನು ತುಂಬಲು ಹೊರಟಿವೆ, ತುಂಬಲಾರವು. ಅದೇ ಹುಡುಗ ಹೀಗೆ ಬರೆಯಬಹುದಿತ್ತು: "ಮೇಡಂ, ನಿನ್ನೆ ನೀವು ಉಳಿದು ಆ ಡಬಲ್ ಎಂಟ್ರಿ ಹುಡುಕಿಕೊಟ್ಟಿದ್ದರಿಂದ ಇವತ್ತು ಬೆಳಿಗ್ಗೆಯೇ ರಿಪೋರ್ಟ್ ಕಳಿಸಲು ಆಯಿತು. ತುಂಬಾ ಥ್ಯಾಂಕ್ಸ್! 🙏" ಒಂದು ಆಶ್ಚರ್ಯಸೂಚಕ, ಒಂದು ಇಮೋಜಿ. ನನ್ನ ಮಟ್ಟಿಗೆ ಪರಿಚಯವಿರುವವರಿಗೆ ಇದೇ ಮಿತಿ.

ಪರಿಚಯವಿಲ್ಲದವರಿಗಾದರೆ? ಎಲಾ ಗ್ಲಿಕ್ಸನ್ ಮತ್ತು ಸಂಗಡಿಗರು 29 ದೇಶಗಳ 549 ಮಂದಿಯನ್ನು ಒಳಗೊಂಡು ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮೊದಲ ಸಲ ಬರೆದ ಕಚೇರಿ ಇಮೇಲ್‌ನಲ್ಲಿ ನಗುಮೊಗದ ಚಿಹ್ನೆ ಇದ್ದರೆ, ಬರೆದವರು ಹೆಚ್ಚು ಆತ್ಮೀಯರೆಂದು ಓದುಗರಿಗೆ ಅನ್ನಿಸಲಿಲ್ಲ. ಕೆಲಸದಲ್ಲಿ ಅಷ್ಟು ಸಮರ್ಥರಲ್ಲ ಎಂದು ಮಾತ್ರ ಅನ್ನಿಸಿತು. ಅಂಥ ಮೇಲ್‌ಗೆ ಅವರು ಕೊಟ್ಟ ಉತ್ತರದಲ್ಲಿ ಮಾಹಿತಿಯೂ ಕಡಿಮೆ ಇತ್ತು. ಎದುರಿಗೆ ನಕ್ಕರೆ ಸಿಗುವ ಲಾಭ ಪರದೆಯ ಮೇಲಿನ ನಗುವಿಗೆ ಸಿಗಲಿಲ್ಲ. ಸಂದರ್ಭ ಅನೌಪಚಾರಿಕವಾಗಿದ್ದಾಗ ಈ ನಷ್ಟ ಕಾಣಲಿಲ್ಲ ಎಂಬುದನ್ನೂ ಮರೆಯಬಾರದು. ಹಾಗಾಗಿ ಹೊಸ ಗ್ರಾಹಕರಿಗೆ, ಸಂದರ್ಶನ ಮಾಡಿದವರಿಗೆ, ಬೇರೆ ಊರಿನ ಶಾಖೆಯ ಅಧಿಕಾರಿಗೆ ಬರೆಯುವ ಮೊದಲ ಧನ್ಯವಾದದಲ್ಲಿ ಇಮೋಜಿ ಬೇಡ. ಅವರೇ ಒಂದನ್ನು ಹಾಕಿ ಉತ್ತರಿಸಿದ ಮೇಲೆ ನೀವೂ ಒಂದು ಹಾಕಬಹುದು.

ಹೆಚ್ಚಿಗೆ ಹಾಕುವುದರಿಂದ ಇನ್ನೊಂದು ತೊಂದರೆಯಿದೆ, ಇದು ನಿಧಾನವಾಗಿ ಬರುತ್ತದೆ. ಪ್ರಿಂಟ್ ತೆಗೆದುಕೊಟ್ಟವರಿಗೂ ಮೂರು 🙏 ಹಾಕುತ್ತಾ ಬಂದವರು, ರಾತ್ರಿಯಿಡೀ ಸರ್ವರ್ ಸರಿಪಡಿಸಿದವರಿಗೆ ಎಷ್ಟು ಹಾಕಬೇಕು? ಏಳೋ ಹತ್ತೋ ಹಾಕಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ಗ್ರೂಪ್‌ನಲ್ಲಿ ಅದೇ ರೂಢಿಯಾದರೆ "ಥ್ಯಾಂಕ್ಸ್." ಎಂದಷ್ಟೇ ಬರೆದ ಹಿರಿಯರು ಸಿಟ್ಟಾಗಿದ್ದಾರೆಂದು ಕಿರಿಯರು ಸುಮ್ಮನೆ ಕಂಗಾಲಾಗುತ್ತಾರೆ.

ಕಳಿಸುವ ಮುನ್ನ ಚಿಹ್ನೆಗಳನ್ನೆಲ್ಲ ತೆಗೆದು ಒಮ್ಮೆ ಓದಿ ನೋಡಿ. ಯಾರು, ಏನು ಮಾಡಿದ್ದರಿಂದ ನಿಮಗೆ ಅನುಕೂಲವಾಯಿತು ಎಂಬುದು ಅಲ್ಲಿದ್ದರೆ ಒಂದನ್ನು ವಾಪಸ್ ಹಾಕಿ. ಇಲ್ಲದಿದ್ದರೆ ಮೊದಲು ಆ ವಾಕ್ಯವನ್ನು ಬರೆಯಿರಿ.