ಮ್ಯಾಪ್ ಇರಬೇಕಾದಲ್ಲಿ ಖಾಲಿ ಚೌಕ

ಜಾಲತಾಣದ ಪುಟದಲ್ಲಿ ಕಾಣುವ ಮ್ಯಾಪ್ ಅಥವಾ ವಿಡಿಯೊ ಸಾಮಾನ್ಯವಾಗಿ ಆ ಜಾಲತಾಣದ್ದಲ್ಲ. ಪುಟ ತಯಾರಿಸಿದವರು ಅಲ್ಲೊಂದು ಚೌಕಟ್ಟನ್ನಷ್ಟೇ ಇಟ್ಟಿರುತ್ತಾರೆ. ಅದರೊಳಗೆ ತುಂಬಬೇಕಾದದ್ದನ್ನು ಗೂಗಲ್‌ನಿಂದಲೋ ಫೇಸ್‌ಬುಕ್‌ನಿಂದಲೋ ತರಿಸಿಕೊಳ್ಳುವ ಕೆಲಸ ಬ್ರೌಸರ್‌ನದು. ಈ ಚೌಕಟ್ಟಿಗೆ ಐಫ್ರೇಮ್ ಎನ್ನುತ್ತಾರೆ. ಒಂದು ಕಲ್ಯಾಣ ಮಂಟಪದ ಸೈಟಿದೆ ಎಂದಿಟ್ಟುಕೊಂಡರೆ, ಅದರ ‘ತಲುಪುವ ದಾರಿ’ ಪುಟದಲ್ಲಿ ಗೂಗಲ್ ಮ್ಯಾಪ್ ಇರುತ್ತದೆ, ಕೆಳಗೆ ಸಭಾಂಗಣವನ್ನು ತೋರಿಸುವ ಫೇಸ್‌ಬುಕ್ ವಿಡಿಯೊ ಇರುತ್ತದೆ. ಪುಟದ ಒಳಗಿನ ಬರಹದಲ್ಲಿ ಅವೆರಡಕ್ಕೂ ತಲಾ ಒಂದೊಂದೇ ಸಾಲು:

```
<iframe src="https://www.google.com/maps/embed?pb=..."></iframe>
<iframe src="https://www.facebook.com/plugins/video.php?href=..."></iframe>
```

ಈ ಪುಟ ತೆರೆದ ಕೂಡಲೇ ಬ್ರೌಸರ್ ಮಂಟಪದ ಸರ್ವರ್‌ನ ಜೊತೆಗೆ ಗೂಗಲ್ ಮತ್ತು ಫೇಸ್‌ಬುಕ್ ಸರ್ವರ್‌ಗಳಿಗೂ ಕೋರಿಕೆ ಕಳಿಸುತ್ತದೆ. ವಿಡಿಯೊದ ಪ್ಲೇ ಗುಂಡಿ ಒತ್ತದಿದ್ದರೂ ಕೋರಿಕೆ ಹೋಗಿಯೇ ಇರುತ್ತದೆ. ಅದರ ಜೊತೆಗೆ ಓದುಗರ ಐಪಿ ವಿಳಾಸ ಮತ್ತು ಸಾಮಾನ್ಯವಾಗಿ ಯಾವ ಸೈಟಿನಿಂದ ಕೋರಿಕೆ ಬಂತು ಎಂಬ ಸುಳಿವು ಹೋಗುತ್ತವೆ. ತಡೆ ಇಲ್ಲದಿದ್ದರೆ ಫೇಸ್‌ಬುಕ್ ಹಿಂದೆ ಇಟ್ಟಿದ್ದ ಕುಕಿಯೂ ಹೋಗಬಹುದು. ಸುದ್ದಿ ಸೈಟು, ಆಸ್ಪತ್ರೆಯ ಸೈಟು, ಅಂಗಡಿಯ ಸೈಟು ಎಲ್ಲದರಲ್ಲೂ ಇಂಥದೇ ಚೌಕಟ್ಟುಗಳಿದ್ದರೆ, ಒಬ್ಬರು ಎಲ್ಲೆಲ್ಲಿ ಓಡಾಡಿದರು ಎಂಬುದನ್ನು ಒಂದೇ ಕಂಪನಿ ಜೋಡಿಸಿ ನೋಡಬಹುದು. ಟ್ರ್ಯಾಕಿಂಗ್ ಎಂದರೆ ಮುಖ್ಯವಾಗಿ ಇದೇ.

ತೊಂದರೆ ಹುಟ್ಟುವುದೂ ಇಲ್ಲಿಯೇ. ಓದುಗರಿಗೆ ಬೇಕಾದ ವಿಡಿಯೊ ಮತ್ತು ಓದುಗರನ್ನು ಹಿಂಬಾಲಿಸುವ ಕೋರಿಕೆ ಬೇರೆಬೇರೆಯಲ್ಲ, ಎರಡೂ ಒಂದೇ ವಿಳಾಸದಿಂದ ಬರುತ್ತವೆ. ತಡೆಯುವ ತಂತ್ರಾಂಶವು ಕೋರಿಕೆಯ ಉದ್ದೇಶವನ್ನು ಅಳೆಯಲಾರದು. ಅದು ಬಹುಮಟ್ಟಿಗೆ ಡೊಮೇನ್ ಹೆಸರನ್ನು ನೋಡಿ ತೀರ್ಮಾನಿಸುತ್ತದೆ. ಫೈರ್‌ಫಾಕ್ಸ್ ಬ್ರೌಸರ್ ಡಿಸ್‌ಕನೆಕ್ಟ್ ಎಂಬ ಸಂಸ್ಥೆಯ ಪಟ್ಟಿಯನ್ನು ಬಳಸುತ್ತದೆ. ಮಂಟಪದ ಸೈಟಿನಲ್ಲಿರುವಾಗ ಆ ಪಟ್ಟಿಯಲ್ಲಿರುವ ಹೆಸರಿಗೆ ಕೋರಿಕೆ ಹೊರಟರೆ ಅದನ್ನು ನಿಲ್ಲಿಸುತ್ತದೆ. ಫೇಸ್‌ಬುಕ್‌ನ ಸ್ವಂತ ಸೈಟಿಗೇ ಹೋದರೆ ತಡೆಯುವುದಿಲ್ಲ, ಏಕೆಂದರೆ ಅಲ್ಲಿ ಅದು ಹೊರಗಿನವರಲ್ಲ, ಮನೆಯವರೇ.

ಫೈರ್‌ಫಾಕ್ಸ್‌ನಲ್ಲಿ ಈ ರಕ್ಷಣೆಯ ಹೆಸರು Enhanced Tracking Protection. 2019ರ ಸೆಪ್ಟೆಂಬರ್‌ನಿಂದ ಅದು ಎಲ್ಲ ಬಳಕೆದಾರರಿಗೂ ತಾನಾಗಿ ಚಾಲೂ ಇರುತ್ತದೆ. ಅದರಲ್ಲಿ Standard ಮತ್ತು Strict ಎಂಬ ಎರಡು ಸಿದ್ಧ ಮಟ್ಟಗಳಿವೆ. Standard ಮಟ್ಟವು ಪಟ್ಟಿಯಲ್ಲಿರುವ ಟ್ರ್ಯಾಕರ್‌ಗಳ ಸ್ಕ್ರಿಪ್ಟು, ಚೌಕಟ್ಟುಗಳನ್ನು ಖಾಸಗಿ ವಿಂಡೋದಲ್ಲಿ ಮಾತ್ರ ಪೂರ್ತಿ ತಡೆಯುತ್ತದೆ, Strict ಎಲ್ಲ ವಿಂಡೋಗಳಲ್ಲೂ ತಡೆಯುತ್ತದೆ. ಮಾಮೂಲಿ ವಿಂಡೋದಲ್ಲಿ ಓಡುವ ವಿಡಿಯೊ ಖಾಸಗಿ ವಿಂಡೋದಲ್ಲಿ ಮಾಯವಾದರೆ ಅದು ಸೈಟಿನ ದೋಷವಲ್ಲ, ಮಟ್ಟ ಬದಲಾದದ್ದರ ಫಲ.

ತಡೆಯ ಲಕ್ಷಣವೂ ಒಂದೇ ತೆರನಲ್ಲ. ಕೋರಿಕೆಯೇ ನಿಂತುಹೋದರೆ ಚೌಕಟ್ಟು ಖಾಲಿ ಉಳಿಯುತ್ತದೆ, ಅಥವಾ ಪುಟದ ಬರಹ ಮೇಲೆ ಸರಿದು ಅಲ್ಲೊಂದು ವಿಡಿಯೊ ಇತ್ತೆಂಬ ಗುರುತೂ ಇರುವುದಿಲ್ಲ. ಈಚಿನ ಫೈರ್‌ಫಾಕ್ಸ್ ಕೆಲವು ಸಾಮಾಜಿಕ ತಾಣಗಳ ಚೌಕಟ್ಟಿನ ಜಾಗದಲ್ಲಿ ‘ಇಲ್ಲಿದ್ದದ್ದನ್ನು ತಡೆಯಲಾಗಿದೆ’ ಎಂಬರ್ಥದ ಫಲಕ ತೋರಿಸಿ, ಅಲ್ಲಿಂದಲೇ ಅನುಮತಿ ಕೊಡುವ ಗುಂಡಿಯನ್ನೂ ಇಡುತ್ತದೆ. ಎರಡನೆಯ ತೆರನದು ಇನ್ನಷ್ಟು ಗೊಂದಲದ್ದು. ಚೌಕಟ್ಟು ಬರುತ್ತದೆ, ಆದರೆ ಲಾಗಿನ್ ಆಗಿದ್ದರೂ ಮತ್ತೆ ಲಾಗಿನ್ ಕೇಳುತ್ತದೆ. ಇದಕ್ಕೆ ಕಾರಣ ಕುಕಿಗಳ ಬೇರ್ಪಡಿಕೆ. 2022ರ ಜೂನ್‌ನಿಂದ ಫೈರ್‌ಫಾಕ್ಸ್ ಒಂದೊಂದು ಸೈಟಿಗೂ ಪ್ರತ್ಯೇಕ ಕುಕಿ ಡಬ್ಬಿ ಇಡುವುದನ್ನು ರೂಢಿಯಾಗಿಸಿತು. ಯೂಟ್ಯೂಬ್‌ನ ಸ್ವಂತ ಪುಟದಲ್ಲಿ ಮಾಡಿದ ಲಾಗಿನ್, ಮಂಟಪದ ಪುಟದೊಳಗಿನ ಯೂಟ್ಯೂಬ್ ಚೌಕಟ್ಟಿಗೆ ಕಾಣಿಸುವುದಿಲ್ಲ. ಎಲ್ಲರಿಗೂ ತೆರೆದ ವಿಡಿಯೊಗೆ ಇದರಿಂದ ಅಡ್ಡಿಯಿಲ್ಲ. ಖಾತೆ ಬೇಡುವ ವಿಡಿಯೊ ಮಾತ್ರ ಅಲ್ಲಿಯೇ ನಿಲ್ಲುತ್ತದೆ.

ಚೌಕಟ್ಟು ಕೆಟ್ಟಾಗಲೆಲ್ಲ ರಕ್ಷಣೆಯನ್ನೇ ದೂರುವುದು ಮಾತ್ರ ತಪ್ಪು. ಮ್ಯಾಪ್‌ನ ಮೇಲೆ “For development purposes only” ಎಂಬ ಅಡ್ಡಬರಹ ಕಂಡರೆ, ಸೈಟಿನವರು ಗೂಗಲ್‌ನಿಂದ ಪಡೆದ ಕೀ ಅಥವಾ ಅದರ ಬಿಲ್ಲಿಂಗ್ ಸರಿಯಿಲ್ಲ ಎಂದರ್ಥ. ಕ್ರೋಮ್‌ನಲ್ಲಿ ಚೌಕಟ್ಟಿನೊಳಗೆ “refused to connect” ಎಂದು ಬಂದರೆ, ತಮ್ಮ ಪುಟವನ್ನು ಬೇರೆ ಸೈಟಿನೊಳಗೆ ಕೂರಿಸಕೂಡದು ಎಂದು ಆ ಕಡೆಯವರೇ ಹೇಳಿರುವ ಸಾಧ್ಯತೆ ಹೆಚ್ಚು. ವಿಡಿಯೊದ ಒಡೆಯರು ಹೊರಗಿನ ಸೈಟುಗಳಲ್ಲಿ ಪ್ರದರ್ಶನ ಬೇಡವೆಂದು ಮುಚ್ಚಿದ್ದರೂ ಅಷ್ಟೇ. ಇಂಥ ಕಡೆ ಓದುಗರು ಎಷ್ಟು ಅನುಮತಿ ಕೊಟ್ಟರೂ ಪ್ರಯೋಜನವಿಲ್ಲ.

ಯಾವುದು ಯಾವ ಕಾರಣದಿಂದ ಎಂದು ತಿಳಿಯಲು ಕಂಪ್ಯೂಟರ್‌ನ ಫೈರ್‌ಫಾಕ್ಸ್‌ನಲ್ಲಿ Ctrl+Shift+E ಒತ್ತಿ, ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿದರೆ ಸಾಕು. ಪುಟ ಕಳಿಸಿದ ಕೋರಿಕೆಗಳೆಲ್ಲ ಸಾಲುಸಾಲಾಗಿ ಕಾಣುತ್ತವೆ. ತಡೆಯಲಾದ ಸಾಲಿನಲ್ಲಿ ತಡೆದ ಗುರುತು ಇರುತ್ತದೆ. ಯಾವುದಾದರೂ ಎಕ್ಸ್‌ಟೆನ್ಶನ್ ತಡೆದಿದ್ದರೆ ಅದರ ಹೆಸರೂ ಅಲ್ಲಿ ಬರುತ್ತದೆ. ಈ ಹೆಸರನ್ನು ಓದಿಕೊಳ್ಳುವುದು ಮುಖ್ಯ, ಏಕೆಂದರೆ ಅನೇಕರ ಬ್ರೌಸರ್‌ನಲ್ಲಿ ಒಬ್ಬನಲ್ಲ, ಇಬ್ಬರು ಕಾವಲುಗಾರರಿರುತ್ತಾರೆ.

ಮಂಟಪದ ಪುಟವನ್ನೇ ತೆಗೆದುಕೊಂಡು ನೋಡಬಹುದು. ಫೈರ್‌ಫಾಕ್ಸ್ Strict ಮಟ್ಟದಲ್ಲಿದೆ. ಜೊತೆಗೆ ಯುಬ್ಲಾಕ್ ಆರಿಜಿನ್ ಎಂಬ ಎಕ್ಸ್‌ಟೆನ್ಶನ್ ಇದೆ, ಅದರಲ್ಲಿ ಹೊರಗಿನ ಸೈಟುಗಳ ಸ್ಕ್ರಿಪ್ಟು, ಚೌಕಟ್ಟುಗಳನ್ನೆಲ್ಲ ತಡೆಯುವಂತೆ ಬಳಕೆದಾರರೇ ಬಿಗಿ ಮಾಡಿಕೊಂಡಿದ್ದಾರೆ. (ಹಾಕಿದ ಹಾಗೆಯೇ ಬಿಟ್ಟ ಯುಬ್ಲಾಕ್ ಸಾಮಾನ್ಯವಾಗಿ ಗೂಗಲ್ ಮ್ಯಾಪ್‌ನ ತಂಟೆಗೆ ಹೋಗುವುದಿಲ್ಲ.) ಪುಟದಲ್ಲಿ ಮ್ಯಾಪೂ ಇಲ್ಲ, ವಿಡಿಯೊನೂ ಇಲ್ಲ.

ಮೊದಲನೆಯ ಕಾವಲನ್ನು ಸಡಿಲಿಸುವುದು ಸುಲಭ. ವಿಳಾಸದ ಪಟ್ಟಿಯ ಎಡಗಡೆ ಇರುವ ಗುರಾಣಿಯ ಚಿಹ್ನೆಯನ್ನು ಒತ್ತಿದರೆ, ಆ ಸೈಟಿಗೆ ರಕ್ಷಣೆ ಚಾಲೂ ಇದೆ ಎಂದು ತೋರಿಸುವ ಸ್ವಿಚ್ ಬರುತ್ತದೆ. ಅದನ್ನು ಆರಿಸಿದೊಡನೆ ಪುಟ ತಾನೇ ಮರುಲೋಡ್ ಆಗುತ್ತದೆ. ಈ ವಿನಾಯಿತಿ ಆ ಸೈಟಿಗೆ ಮಾತ್ರ. ಪಕ್ಕದ ಟ್ಯಾಬಿನಲ್ಲಿರುವ ಸುದ್ದಿ ಸೈಟಿನ ಫೇಸ್‌ಬುಕ್ ಚೌಕಟ್ಟು ಮುಚ್ಚಿದ್ದು ಮುಚ್ಚಿದ ಹಾಗೆಯೇ ಇರುತ್ತದೆ. ಮಾಮೂಲಿ ವಿಂಡೋದಲ್ಲಿ ಕೊಟ್ಟ ವಿನಾಯಿತಿ ತೆಗೆಯುವ ತನಕ ಉಳಿಯುತ್ತದೆ. ಖಾಸಗಿ ವಿಂಡೋದಲ್ಲಿ ಕೊಟ್ಟದ್ದು ಆ ಖಾಸಗಿ ಅವಧಿಯ ಜೊತೆಗೇ ಅಳಿದುಹೋಗುತ್ತದೆ.

ಆದರೆ ನಮ್ಮ ಉದಾಹರಣೆಯಲ್ಲಿ ಸ್ವಿಚ್ ಆರಿಸಿದ ಮೇಲೂ ಪುಟ ಖಾಲಿಯೇ. ಎರಡನೆಯ ಕಾವಲುಗಾರ ಇನ್ನೂ ಬಾಗಿಲಲ್ಲೇ ಇದ್ದಾನೆ. ಬಹಳ ಜನ ಈ ಹಂತದಲ್ಲಿ ಬೇಸತ್ತು ಎಕ್ಸ್‌ಟೆನ್ಶನ್ನನ್ನೇ ಕಿತ್ತುಹಾಕುತ್ತಾರೆ, ಇಲ್ಲವೇ ಮಟ್ಟವನ್ನು ಎಲ್ಲ ಸೈಟುಗಳಿಗೂ ಇಳಿಸಿಬಿಡುತ್ತಾರೆ. ಒಂದು ಮ್ಯಾಪ್‌ಗಾಗಿ ಅಷ್ಟು ತೆರುವ ಅಗತ್ಯವಿಲ್ಲ. ಯುಬ್ಲಾಕ್‌ನ ಸೆಟ್ಟಿಂಗ್ಸ್‌ನಲ್ಲಿ “I am an advanced user” ಎಂಬುದನ್ನು ಗುರುತು ಮಾಡಿದ್ದರೆ, ಅದರ ಫಲಕದಲ್ಲಿ ಪುಟ ಸಂಪರ್ಕಿಸುವ ಡೊಮೇನ್‌ಗಳ ಪಟ್ಟಿ ಕಾಣುತ್ತದೆ. ಪ್ರತಿ ಹೆಸರಿನ ಮುಂದೆ ಎರಡು ಕಂಬಸಾಲು: ಎಡದ್ದು ಎಲ್ಲ ಸೈಟುಗಳಿಗೂ ಅನ್ವಯ, ಬಲದ್ದು ಈಗ ತೆರೆದಿರುವ ಸೈಟಿಗೆ ಮಾತ್ರ. ಮ್ಯಾಪ್‌ಗೆ ಬೇಕಾದ ಹೆಸರುಗಳ ಮುಂದೆ ಬಲಗಡೆ ಬೂದು ಬಣ್ಣ ಆರಿಸಿದರೆ ಇಂಥ ನಿಯಮಗಳು ಹುಟ್ಟುತ್ತವೆ:

```
kalyana.example google.com * noop
kalyana.example googleapis.com * noop
kalyana.example gstatic.com * noop
```

ಮೊದಲ ಪದ ಓದುಗರು ಇರುವ ಸೈಟು, ಎರಡನೆಯದು ಯಾರಿಗೆ ಅನುಮತಿ ಎಂಬುದು. ಮೂರು ಸಾಲು ಬೇಕಾದದ್ದಕ್ಕೂ ಕಾರಣವಿದೆ. ಗೂಗಲ್ ಮ್ಯಾಪ್‌ನ ಚೌಕಟ್ಟು ಮೊದಲನೆಯ ಹೆಸರಿನಿಂದ ಬಂದರೂ, ಅದನ್ನು ನಡೆಸುವ ಸ್ಕ್ರಿಪ್ಟು ಮತ್ತು ಚಿತ್ರಗಳು ಉಳಿದ ಎರಡರಿಂದಲೂ ಬರುತ್ತವೆ. ಒಂದಕ್ಕೆ ಮಾತ್ರ ಅನುಮತಿ ಕೊಟ್ಟರೆ ಬೂದು ಬಣ್ಣದ, ಊರು ರಸ್ತೆ ಏನೂ ಇಲ್ಲದ ಮ್ಯಾಪ್ ಕಾಣುತ್ತದೆ. noop ಎಂದರೆ ಬಳಕೆದಾರರು ಹಾಕಿದ ಬಿಗಿ ನಿಯಮ ಇಲ್ಲಿ ಬೇಡ ಎಂದಷ್ಟೇ ಅರ್ಥ, ಜಾಹೀರಾತು ತಡೆಯುವ ಮಾಮೂಲಿ ಪಟ್ಟಿಗಳು ಆಗಲೂ ಕೆಲಸ ಮಾಡುತ್ತಿರುತ್ತವೆ. ಮೊದಲ ಪದದ ಜಾಗದಲ್ಲಿ ನಕ್ಷತ್ರ ಚಿಹ್ನೆ ಬಂದುಬಿಟ್ಟರೆ ಎಡಗಡೆಯ ಕಂಬಸಾಲನ್ನು ಒತ್ತಿದ್ದಾಗಿದೆ ಎಂದರ್ಥ, ಅನುಮತಿ ಎಲ್ಲ ಸೈಟುಗಳಿಗೂ ಹರಡಿದೆ. ಫಲಕದ ಬೀಗದ ಚಿಹ್ನೆ ಒತ್ತುವವರೆಗೆ ಇವೆಲ್ಲ ತಾತ್ಕಾಲಿಕ. ಮೊದಲು ಮ್ಯಾಪ್ ಬಂತೇ ನೋಡಿ, ಆಮೇಲೆ ಬೀಗ ಒತ್ತುವುದು ಒಳ್ಳೆಯ ಕ್ರಮ. ವಿಡಿಯೊ ಬೇಕಿದ್ದರೆ ಫೇಸ್‌ಬುಕ್‌ನ ಹೆಸರುಗಳಿಗೂ ಹೀಗೆಯೇ ಮಾಡಬೇಕಾಗುತ್ತದೆ.

ಈ ಎರಡು ವಿನಾಯಿತಿಗಳು ತೂಕದಲ್ಲಿ ಸಮವಲ್ಲ. ಯುಬ್ಲಾಕ್‌ನ ನಿಯಮ ಇಂಥ ಸೈಟಿನಲ್ಲಿ ಇಂಥವರಿಗೆ ಮಾತ್ರ ಎಂದು ಎರಡೂ ಕಡೆ ಗಡಿ ಹಾಕುತ್ತದೆ. ಗುರಾಣಿಯ ಸ್ವಿಚ್ ಆರಿಸಿದರೆ ಗಡಿ ಒಂದೇ ಕಡೆ: ಆ ಸೈಟಿನಲ್ಲಿರುವ ಎಲ್ಲ ಟ್ರ್ಯಾಕರ್‌ಗಳಿಗೂ ದಾರಿ ತೆರೆಯುತ್ತದೆ, ಕುಕಿಗಳ ಬೇರ್ಪಡಿಕೆಯೂ ಅಲ್ಲಿ ನಿಲ್ಲುತ್ತದೆ. ಮಂಟಪದ ಪುಟದಲ್ಲಿ ಒಂದು ಮ್ಯಾಪ್, ಒಂದು ವಿಡಿಯೊ ಅಷ್ಟೇ ಇದ್ದರೆ ಚಿಂತೆಯಿಲ್ಲ. ಹತ್ತಾರು ಜಾಹೀರಾತು ಜಾಲಗಳು ತುಂಬಿದ ಸುದ್ದಿ ಸೈಟಿನಲ್ಲಿ ಒಂದು ವಿಡಿಯೊಗಾಗಿ ಸ್ವಿಚ್ ಆರಿಸುವುದು ದುಬಾರಿ. ಅಂಥಲ್ಲಿ ಫೈರ್‌ಫಾಕ್ಸ್ ಇಟ್ಟ ಫಲಕದ ಗುಂಡಿ ಇದ್ದರೆ ಅದನ್ನೇ ಬಳಸುವುದು ಮೇಲು. ವಿಡಿಯೊದ ಕೊಂಡಿ ಸಿಕ್ಕರೆ ಹೊಸ ಟ್ಯಾಬಿನಲ್ಲಿ ತೆರೆದು ನೋಡುವುದು ಇನ್ನೂ ಮೇಲು, ಏಕೆಂದರೆ ಆಗ ಯಾವ ವಿನಾಯಿತಿಯೂ ಬೇಕಾಗುವುದಿಲ್ಲ.

ಬೇರೆ ಬ್ರೌಸರ್‌ಗಳಲ್ಲಿ ಜಾಗ ಬೇರೆ, ರೀತಿ ಇದೇ. ಬ್ರೇವ್‌ನಲ್ಲಿ ಸಿಂಹದ ಚಿಹ್ನೆ, ಎಡ್ಜ್‌ನಲ್ಲಿ ವಿಳಾಸದ ಪಕ್ಕದ ಬೀಗದ ಚಿಹ್ನೆ ಒತ್ತಿ ಆ ಸೈಟಿಗೆ ಮಾತ್ರ ರಕ್ಷಣೆ ನಿಲ್ಲಿಸಬಹುದು. ಆಪಲ್‌ನ ಸಫಾರಿಯಲ್ಲಿ ಸೈಟುಗಳ ನಡುವಿನ ಟ್ರ್ಯಾಕಿಂಗ್ ತಡೆಯುವ ಆಯ್ಕೆ ಎಲ್ಲಕ್ಕೂ ಸೇರಿ ಒಂದೇ.

ಒಂದು ಬಗೆಯ ತಡೆಗೆ ಮಾತ್ರ ಸೈಟುವಾರು ವಿನಾಯಿತಿ ಸಾಧ್ಯವೇ ಇಲ್ಲ. ಮನೆಯ ಜಾಲಕ್ಕೆ ಪೈ-ಹೋಲ್ ಹಾಕಿಕೊಂಡವರು, ಫೋನಿನ ಖಾಸಗಿ ಡಿಎನ್ಎಸ್ ಸೆಟ್ಟಿಂಗ್‌ನಲ್ಲಿ ತಡೆಯುವ ಸೇವೆ ಇಟ್ಟುಕೊಂಡವರು ಇದನ್ನು ಗಮನಿಸಬೇಕು. ಡಿಎನ್ಎಸ್‌ಗೆ ತಲುಪುವುದು ಇಂಥ ಹೆಸರಿನ ವಿಳಾಸವೇನು ಎಂಬ ಪ್ರಶ್ನೆ ಮಾತ್ರ, ಯಾವ ಪುಟ ಅದನ್ನು ಕೇಳಿಸಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅಲ್ಲಿ ಒಂದು ಹೆಸರನ್ನು ಬಿಟ್ಟರೆ ಎಲ್ಲ ಸೈಟುಗಳಿಗೂ, ಪೈ-ಹೋಲ್ ಆದರೆ ಸಾಮಾನ್ಯವಾಗಿ ಮನೆಯ ಎಲ್ಲ ಸಾಧನಗಳಿಗೂ ಬಿಟ್ಟಂತೆ. ಬ್ರೌಸರ್‌ನಲ್ಲಿ ಎಲ್ಲ ಸಡಿಲಿಸಿದ ಮೇಲೂ ಚೌಕ ಖಾಲಿಯಿದ್ದರೆ, ಒಮ್ಮೆ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಅದೇ ಪುಟ ತೆರೆದು ನೋಡಬೇಕು. ಅಲ್ಲಿ ಮ್ಯಾಪ್ ಬಂದರೆ ತಡೆ ಮನೆಯ ಜಾಲದಲ್ಲಿದೆ.

ಕೊಟ್ಟ ವಿನಾಯಿತಿಗಳನ್ನು ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ, about:preferences#privacy ಪುಟದ Manage Exceptions ಗುಂಡಿಯ ಹಿಂದೆ ನೋಡಬಹುದು. ಅಲ್ಲಿ ಸೈಟುಗಳ ಹೆಸರುಗಳಿರುತ್ತವೆ, ಒಂದೊಂದನ್ನೇ ಆರಿಸಿ ತೆಗೆಯಬಹುದು. ಮದುವೆ ಮುಗಿದ ಮೇಲೆ ಮಂಟಪದ ಹೆಸರನ್ನೂ ಅಲ್ಲಿಂದ ಅಳಿಸಬಹುದು.